ಸ್ತನ ಕ್ಯಾನ್ಸರ್ ಫಾಲೋ-ಅಪ್: ಪ್ಯಾಕೇಜ್ ಬಿಟ್ಟು ಟೇಪು ಹಿಡಿದ ಮೇಲೆ

ಚಿಕಿತ್ಸೆ ಮುಗಿಸಿದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಆರು ತಿಂಗಳಿಗೊಮ್ಮೆ ಸಿಎ 15-3 ಎಂಬ ರಕ್ತದ ಮಾರ್ಕರು, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನು, ವರ್ಷಕ್ಕೊಂದು ಬೋನ್ ಸ್ಕ್ಯಾನು, ದುಡ್ಡಿದ್ದರೆ ಪೆಟ್ ಸ್ಕ್ಯಾನು. ಈ ಪಟ್ಟಿ ನಮ್ಮ ಕ್ಲಿನಿಕ್ಕಿನಲ್ಲೂ ಬಹಳ ಕಾಲ ನಡೆಯಿತು. ಲಕ್ಷಣವಿಲ್ಲದವರಿಗೆ ಇಷ್ಟನ್ನೂ ನಿಲ್ಲಿಸೋಣ ಎಂದಾಗ ಸಹೋದ್ಯೋಗಿಗಳು ಒಪ್ಪಲಿಲ್ಲ. ರೋಗಿಗೆ ಧೈರ್ಯ ಬರುವುದೇ ಸ್ಕ್ಯಾನಿನಿಂದ, ಅದನ್ನೂ ಕಿತ್ತುಕೊಂಡರೆ ಅವರು ಬೇರೆ ಕಡೆ ಹೋಗುತ್ತಾರೆ ಎಂಬುದು ಅವರ ವಾದ. ಮೊದಲ ವರ್ಷ ಆದದ್ದೂ ಅದೇ. ಪಟ್ಟಿ ಕತ್ತರಿಸಿದೆವು, ಅದರ ಜಾಗದಲ್ಲಿ ಏನನ್ನೂ ಕೊಡಲಿಲ್ಲ. ಜನ ಹೊರಗಡೆ ಪ್ಯಾಕೇಜ್ ಮಾಡಿಸಿಕೊಂಡು ರಿಪೋರ್ಟಿನ ಕಂತೆ ಹಿಡಿದು ನಮ್ಮ ಮುಂದೆಯೇ ಬಂದು ಕೂತರು. ಈಗ ಆ ಕಂತೆ ಬರುವುದು ತೀರಾ ಅಪರೂಪ. ಹೇಗೆ ಎಂಬುದನ್ನು ಬರೆಯುತ್ತೇನೆ.

ಸ್ಕ್ಯಾನಿನ ಪ್ರಶ್ನೆ ಹೊಸದಲ್ಲ. 1994ರಲ್ಲೇ ಇಟಲಿಯ ಎರಡು ಅಧ್ಯಯನಗಳು ತಲಾ ಸುಮಾರು 1,200–1,300ರಷ್ಟು ಮಹಿಳೆಯರನ್ನು ಎರಡು ಗುಂಪು ಮಾಡಿ ನೋಡಿದ್ದವು. ಒಂದು ಗುಂಪಿಗೆ ದೈಹಿಕ ಪರೀಕ್ಷೆ, ಮ್ಯಾಮೊಗ್ರಾಂ ಮಾತ್ರ. ಇನ್ನೊಂದಕ್ಕೆ ಅದರ ಮೇಲೆ ಎಕ್ಸ್‌ರೇ, ಬೋನ್ ಸ್ಕ್ಯಾನು. ಒಂದು ಅಧ್ಯಯನದಲ್ಲಿ ಶ್ವಾಸಕೋಶ ಮತ್ತು ಮೂಳೆಗೆ ಹರಡಿದ್ದು ಸ್ಕ್ಯಾನಿನ ಗುಂಪಿನಲ್ಲಿ ಬೇಗ ಸಿಕ್ಕಿತು ನಿಜ, ಆದರೆ ಬದುಕಿ ಉಳಿದವರ ಲೆಕ್ಕದಲ್ಲಿ ಎರಡೂ ಅಧ್ಯಯನಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಗೊತ್ತಾದದ್ದರಿಂದ ರೋಗಿಗೆ ಸಿಕ್ಕದ್ದು ಚಿಂತೆಯ ತಿಂಗಳುಗಳು ಮಾತ್ರ. ಅದೇ ಸ್ತನದಲ್ಲಿ ಮತ್ತೆ ಬಂದದ್ದು ಅಥವಾ ಇನ್ನೊಂದು ಸ್ತನದಲ್ಲಿ ಹೊಸದಾಗಿ ಹುಟ್ಟಿದ್ದು ಬೇಗ ಸಿಕ್ಕರೆ ಲಾಭವಿದೆ. ಅದಕ್ಕೇ ಮ್ಯಾಮೊಗ್ರಾಂ ಉಳಿಯಿತು, ಉಳಿದದ್ದು ಹೋಯಿತು.

ಹೆಚ್ಚು ದುಡ್ಡು ಸುಟ್ಟದ್ದು ಮಾರ್ಕರು. ಅದೊಂದೇ ಆಗಿದ್ದರೆ ಖರ್ಚು ಸಣ್ಣದು, ಆದರೆ ಅದು ಹಿಂದೆ ಎಳೆದು ತರುವ ಮೆರವಣಿಗೆ ದೊಡ್ಡದು. ಸಿಎ 15-3 ಒಂದು ಲ್ಯಾಬಿನಲ್ಲಿ 24 ಇದ್ದದ್ದು ಬೇರೆ ಕಿಟ್ ಬಳಸುವ ಇನ್ನೊಂದು ಲ್ಯಾಬಿನಲ್ಲಿ 33 ಬರಬಹುದು. ಲಿವರ್ ತೊಂದರೆಯಲ್ಲೂ ಏರುತ್ತದೆ, ಬಿ12 ಕೊರತೆಯ ರಕ್ತಹೀನತೆಯಲ್ಲೂ ಏರುತ್ತದೆ. ಏರಿದ್ದು ಕಂಡ ಕೂಡಲೇ ಪೆಟ್, ಪೆಟ್‌ನಲ್ಲಿ ಶ್ವಾಸಕೋಶದ ಮೇಲೊಂದು 4 ಮಿ.ಮೀ. ಚುಕ್ಕೆ, ಅದಕ್ಕೆ ಮೂರು ತಿಂಗಳಿಗೆ ಮತ್ತೊಂದು ಸಿಟಿ, ಚುಕ್ಕೆ ಇದ್ದ ಹಾಗೇ ಇದೆ ಎಂದು ಇನ್ನೊಂದು. ಕೊನೆಗೆ ಬಿ12 ಇಂಜೆಕ್ಷನ್ ಕೊಟ್ಟ ಮೇಲೆ ಮಾರ್ಕರು ತಾನಾಗಿ ಇಳಿದದ್ದೂ ಉಂಟು. ಇಂಥ ಒಂದು ಸುತ್ತಿಗೆ ಹೋಗುವ ದುಡ್ಡಿನಲ್ಲಿ ಅದೇ ರೋಗಿಗೆ ಹಲವು ವರ್ಷದ ಮ್ಯಾಮೊಗ್ರಾಂ ಮುಗಿಯುತ್ತದೆ.

ಈಗಿನ ವೇಳಾಪಟ್ಟಿ ಸರಳ. ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ ಭೇಟಿ, ನಾಲ್ಕು ಮತ್ತು ಐದನೇ ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮ್ಯಾಮೊಗ್ರಾಂ ವರ್ಷಕ್ಕೊಂದು. ಮೊದಲನೆಯದು ರೇಡಿಯೇಷನ್ ಮುಗಿದು ಕನಿಷ್ಠ ಆರು ತಿಂಗಳಾದ ಮೇಲೆ, ಏಕೆಂದರೆ ಅದಕ್ಕೂ ಮುಂಚೆ ಚರ್ಮದ ದಪ್ಪ, ಒಳಗಿನ ಊತ ಎಲ್ಲ ಸೇರಿ ಚಿತ್ರ ಕಲಸಿಹೋಗಿರುತ್ತದೆ. ಸ್ತನ ಪೂರ್ತಿ ತೆಗೆದಿದ್ದರೆ ಇನ್ನೊಂದು ಬದಿಗೆ ಮಾತ್ರ. ಹಳೆಯ ಫಿಲ್ಮ್ ಜೊತೆಗಿಲ್ಲದೆ ಯಾರನ್ನೂ ಕಳುಹಿಸುವುದಿಲ್ಲ. ಆಪರೇಷನ್ನಿನ ಗಾಯದ ಗುರುತು, ಸತ್ತ ಕೊಬ್ಬಿನ ಗಂಟು ಹೋದ ವರ್ಷವೂ ಹಾಗೇ ಇತ್ತು ಎಂದು ತೋರಿಸಲು ಫಿಲ್ಮ್ ಇಲ್ಲದಿದ್ದರೆ ರೇಡಿಯಾಲಜಿಸ್ಟ್ ಬಯಾಪ್ಸಿ ಬರೆಯದೆ ಇನ್ನೇನು ಮಾಡಿಯಾರು?

ಹೋದ ಸ್ಕ್ಯಾನಿನ ಜಾಗ ತುಂಬಿದ್ದು ಒಂದು ಕಾರ್ಡು. ಮೊದಲು ಮೂವತ್ತು ಲಕ್ಷಣಗಳ ಪಟ್ಟಿ ಕೊಟ್ಟೆವು, ಬಹುತೇಕ ಎಲ್ಲರೂ ಎಲ್ಲದಕ್ಕೂ ಗುರುತು ಹಾಕಿ ತಂದರು. ಈಗ ಆರೇ ಇವೆ: ಸ್ತನ, ಎದೆಗೋಡೆ, ಕಂಕುಳು ಅಥವಾ ಕುತ್ತಿಗೆಯಲ್ಲಿ ಹೊಸ ಗಂಟು, ಒಂದೇ ಜಾಗದಲ್ಲಿ ಎರಡು ವಾರ ದಾಟಿದ ಮೂಳೆ ನೋವು, ಬಿಡದ ಒಣಕೆಮ್ಮು ಅಥವಾ ಏದುಸಿರು, ಕಾರಣವಿಲ್ಲದೆ ಊಟ ಸೇರದಿರುವುದು ಅಥವಾ ತೂಕ ಇಳಿಯುವುದು, ಹೊಸ ತಲೆನೋವಿನ ಜೊತೆ ವಾಂತಿ ಅಥವಾ ಕೈಕಾಲು ಸೋಲುವುದು, ಕೈ ಊದುವುದು ಅಥವಾ ಕೆಂಪಾಗುವುದು. ಕಾರ್ಡಿನ ಹಿಂಬದಿಯಲ್ಲಿ ಫೋನ್ ನಂಬರು, ಮತ್ತು ಕರೆ ಮಾಡಿದ ಮೂರು ದಿನದೊಳಗೆ ನೋಡುತ್ತೇವೆ ಎಂಬ ಮಾತು. ಇದಕ್ಕಾಗಿ ವಾರದಲ್ಲಿ ಎರಡು ಗಂಟೆ ಯಾರಿಗೂ ಕೊಡದೆ ಖಾಲಿ ಇಟ್ಟೆವು. ನೆಚ್ಚಿಕೆ ಹುಟ್ಟಿದ್ದು ಆ ಖಾಲಿ ಗಂಟೆಯಿಂದ. ಫೋನಿನಲ್ಲಿ ಕಾಯಿಲೆಯ ನೋವನ್ನೂ ಭಯದ ನೋವನ್ನೂ ಬೇರ್ಪಡಿಸಲು ಮೊದಲು ಕೇಳುವ ಒಂದು ಪ್ರಶ್ನೆ ಇದೆ. ಅದು ನಮ್ಮ ಸಿಸ್ಟರ್ ಕಟ್ಟಿಕೊಂಡದ್ದು, ಅವರನ್ನೇ ಕೇಳಿ ಕಲಿಯಬೇಕು.

ಮೂಳೆ ನೋವಿಗೇ ಕರೆಗಳು ಹೆಚ್ಚು. ಈಸ್ಟ್ರೊಜೆನ್ ತಗ್ಗಿಸುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆ ತಗೊಳ್ಳುವವರಿಗೆ ಕೀಲು ಹಿಡಿಯುವುದು ಸಾಮಾನ್ಯ. ಅದು ಎರಡೂ ಕಡೆ ಇರುತ್ತದೆ, ಬೆರಳು ಮತ್ತು ಮಂಡಿಯಲ್ಲಿ, ಬೆಳಗ್ಗೆ ಹೆಚ್ಚು, ಓಡಾಡಿದರೆ ಸಡಿಲ. ಹೆದರಬೇಕಾದ ನೋವು ಒಂದು ಬೆರಳಿಟ್ಟು ತೋರಿಸುವಂಥದ್ದು. ದಿನದಿಂದ ದಿನಕ್ಕೆ ಏರುತ್ತದೆ, ಮಲಗಿದರೂ ಬಿಡದು, ರಾತ್ರಿ ಎಬ್ಬಿಸುತ್ತದೆ. ಅಂಥವರಿಗೆ ಸ್ಕ್ಯಾನು ಅದೇ ವಾರ, ಒಂದಿನಿತೂ ಜಿಪುಣತನವಿಲ್ಲದೆ. ಬೆನ್ನುನೋವಿನ ಜೊತೆ ಕಾಲು ಸೋತರೆ ಅಥವಾ ಮೂತ್ರ ಕಟ್ಟಿದರೆ ವಾರ ಅಲ್ಲ, ಅದೇ ದಿನ ಬೆನ್ನುಹುರಿಯ ಎಂಆರ್‌ಐ.

ತಡವಾಗಿ ಬರುವ ಅಡ್ಡಪರಿಣಾಮಗಳ ತಪಾಸಣೆಯನ್ನು ಕ್ಯಾನ್ಸರಿನ ಹೆಸರು ನೋಡಿ ಬರೆಯಬಾರದು, ರೋಗಿಗೆ ಏನು ಕೊಟ್ಟಿದ್ದೇವೆ ಎಂದು ನೋಡಿ ಬರೆಯಬೇಕು. ಡಿಸ್ಚಾರ್ಜ್ ದಿನವೇ ಔಷಧದ ಹೆಸರು, ಒಟ್ಟು ಡೋಸು, ರೇಡಿಯೇಷನ್ ಎಲ್ಲಿಗೆ ಎಂಬ ಮೂರು ಸಾಲು ಬರೆದಿಡದಿದ್ದರೆ ಐದು ವರ್ಷದ ಮೇಲೆ ಯಾರಿಗೂ ಸಿಗದು. ಒಬ್ಬರನ್ನು ಉದಾಹರಣೆಗೆ ತಗೊಳ್ಳಿ: 56 ವರ್ಷ, ಎಡ ಸ್ತನ, ಗಂಟು ಮಾತ್ರ ತೆಗೆದು ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದದ್ದು, ಕಿಮೊಗೆ ಡಾಕ್ಸೊರುಬಿಸಿನ್ ಮೈಯ ಚದರ ಮೀಟರಿಗೆ 60 ಮಿ.ಗ್ರಾಂ.ನಂತೆ ನಾಲ್ಕು ಸಲ, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್, ರೇಡಿಯೇಷನ್, ಈಗ ಲೆಟ್ರೊಜೋಲ್. ಬೀಪಿ, ಶುಗರ್ ಎರಡೂ ಇದೆ.

ಡಾಕ್ಸೊರುಬಿಸಿನ್ ಒಟ್ಟು 240. ಚದರ ಮೀಟರಿಗೆ 250 ಮಿ.ಗ್ರಾಂ. ದಾಟಿದರೆ ಹೃದಯಕ್ಕೆ ಅಪಾಯ ಎಂಬ ಗೆರೆಯನ್ನೇ ಹಿಡಿದರೆ ಇವರು ತಪಾಸಣೆಯಿಂದ ತಪ್ಪಿಹೋಗುತ್ತಾರೆ. ನಾವೂ ಆ ತಪ್ಪು ಮಾಡಿದ್ದೆವು. ಗೆರೆಯ ಕೆಳಗಿದ್ದರೂ ಹೃದಯ ಸಿಲುಕಿದ ರೇಡಿಯೇಷನ್, ಅಥವಾ ಬೀಪಿ, ಶುಗರ್‌ನಂಥ ಎರಡು ಹೊರೆ, ಅಥವಾ 60 ದಾಟಿದ ವಯಸ್ಸು, ಅಥವಾ ಟ್ರಾಸ್ಟುಜುಮ್ಯಾಬ್ ಔಷಧ ಸೇರಿದರೆ ಅವರೂ ಅಪಾಯದ ಗುಂಪೇ. ಹಾಗಾಗಿ ಚಿಕಿತ್ಸೆ ಮುಗಿದು 6ರಿಂದ 12 ತಿಂಗಳ ನಡುವೆ ಒಂದು ಎಕೋ. ಅದು ಚೆನ್ನಾಗಿದ್ದರೆ ಪ್ರತಿವರ್ಷ ಎಕೋ ಬರೆಯುವುದಿಲ್ಲ. ಬೀಪಿ ಹಿಡಿತದಲ್ಲಿಡುವುದೇ ಅದಕ್ಕಿಂತ ಕೆಲಸಕ್ಕೆ ಬರುತ್ತದೆ.

ಲೆಟ್ರೊಜೋಲ್‌ಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ, ಶುರುವಿನಲ್ಲಿ ಒಂದು, ಆಮೇಲೆ ಎರಡು ವರ್ಷಕ್ಕೊಂದು, ಸಾಧ್ಯವಾದಷ್ಟೂ ಅದೇ ಮಷೀನಿನಲ್ಲಿ. ಹಿಮ್ಮಡಿಗೆ ಇಡುವ ಅಲ್ಟ್ರಾಸೌಂಡ್ ಯಂತ್ರವನ್ನು ಅಗ್ಗವೆಂದು ಸ್ವಲ್ಪ ದಿನ ಪ್ರಯತ್ನಿಸಿದೆವು, ಎರಡು ವರ್ಷದ ಬದಲಾವಣೆ ಹಿಡಿಯಲು ಅದು ಆಗದು. ಸೊಂಟದ ಬೆನ್ನೆಲುಬಿನ ಅಂಕಿ ವಯಸ್ಸಾದವರಲ್ಲಿ ಮೋಸ ಮಾಡುತ್ತದೆ, ಎಲುಬು ಸವೆದು ಮುಳ್ಳು ಬೆಳೆದಿದ್ದರೆ ಮೂಳೆ ಗಟ್ಟಿಯಿದ್ದಂತೆ ತೋರುತ್ತದೆ. ತೊಡೆಮೂಳೆಯ ಕತ್ತಿನ ಟಿ ಸ್ಕೋರನ್ನೂ ಓದಿ. ಮೂಳೆ ಸವೆತ ತಡೆಯುವ ಜೊಲೆಡ್ರೊನಿಕ್ ಆ್ಯಸಿಡ್ ಕೊಡುವುದಾದರೆ ಹಲ್ಲಿನ ಡಾಕ್ಟರು ಮೊದಲು, ಡ್ರಿಪ್ ಆಮೇಲೆ.

ಟ್ಯಾಮೊಕ್ಸಿಫೆನ್ ತಗೊಳ್ಳುವವರಿಗೆ ಲಕ್ಷಣವಿಲ್ಲದೆ ಗರ್ಭಕೋಶದ ಸ್ಕ್ಯಾನು ಬೇಡ. ಆ ಮಾತ್ರೆಯೇ ಒಳಪದರವನ್ನು ದಪ್ಪ ಕಾಣಿಸುವಂತೆ ಮಾಡುತ್ತದೆ, ದಪ್ಪ ಕಂಡರೆ ಕೆರೆದು ನೋಡದೆ ಬಿಡುವುದಿಲ್ಲ. ಮುಟ್ಟು ನಿಂತವರಿಗೆ ಒಂದು ಹನಿ ರಕ್ತ ಕಂಡರೂ ಬನ್ನಿ ಎಂದು ಹೇಳಿದರೆ ಸಾಕು.

ಇನ್ನು ಟೇಪು. ಇದರ ಬಗ್ಗೆ ಸ್ವಲ್ಪ ಜಂಬವೂ ಇದೆ. ಕಂಕುಳಿನ ಗ್ರಂಥಿ ತೆಗೆದವರಿಗೆ ಆ ಬದಿಯ ಕೈ ಊದಬಹುದು, ಆದ್ದರಿಂದ ಮೊದಲ ಮೂರು ವರ್ಷ ಪ್ರತಿ ಭೇಟಿಯಲ್ಲೂ ಎರಡೂ ಕೈ ಅಳೆಯುತ್ತೇವೆ. ನೀರಿನ ಪಾತ್ರೆಯಲ್ಲಿ ಕೈ ಮುಳುಗಿಸಿ ಚೆಲ್ಲಿದ ನೀರು ಅಳೆಯುವ ಪ್ರಯೋಗವೂ ಆಯಿತು. ಲೆಕ್ಕ ಚೆನ್ನಾಗಿ ಬರುತ್ತದೆ, ನೆಲ ಒರೆಸುವುದರಲ್ಲೇ ಕ್ಲಿನಿಕ್ ಮುಗಿಯುತ್ತದೆ. ಟೇಪಿಗೆ ವಾಪಸಾದೆವು. ಮಣಿಕಟ್ಟಿನಿಂದ ಮೇಲಕ್ಕೆ ಪ್ರತಿ 10 ಸೆಂ.ಮೀ.ಗೆ ಒಂದು ಸುತ್ತಳತೆ, ಒಟ್ಟು ಐದು. C1, C2 ಅಕ್ಕಪಕ್ಕದ ಎರಡು ಸುತ್ತಳತೆ, h ಅವುಗಳ ನಡುವಿನ 10 ಸೆಂ.ಮೀ. ಆದರೆ ನಡುವಿನ ಗಾತ್ರ V ಹೀಗೆ:

V = h × (C1² + C1×C2 + C2²) ÷ (12π)

ಮೇಲೆ ಹೇಳಿದವರ ಎಡಗೈ ಆಪರೇಷನ್ನಿಗೆ ಮುಂಚೆ 16, 21, 25, 28, 30 ಎಂದುಕೊಳ್ಳಿ. ನಾಲ್ಕು ತುಂಡು ಕೂಡಿದರೆ ಸುಮಾರು 1,925 ಮಿ.ಲೀ. ಒಂದು ವರ್ಷದ ಮೇಲೆ 16, 22, 26.5, 29, 31. ಗಾತ್ರ ಸುಮಾರು 2,089. ಯಾವ ಜಾಗದಲ್ಲೂ 2 ಸೆಂ.ಮೀ. ಹೆಚ್ಚಿಲ್ಲ, ಆದ್ದರಿಂದ ಹಳೆಯ 2 ಸೆಂ.ಮೀ. ನಿಯಮ ಏನೂ ಇಲ್ಲ ಎನ್ನುತ್ತದೆ. ಗಾತ್ರವೋ ಶೇ. 8.5 ಏರಿದೆ. ತೂಕ ಹೆಚ್ಚಿದ್ದರಿಂದಲೂ ಇರಬಹುದಲ್ಲ? ಅದಕ್ಕೇ ಬಲಗೈ. ಅದು 1,940ರಿಂದ 1,960 ಆಗಿದ್ದರೆ ಶೇ. 1ರಷ್ಟು ಏರಿಕೆ ಮೈಯದು. ಅದನ್ನು ಕಳೆದರೆ ಎಡಗೈಯ ನಿಜವಾದ ಊತ ಶೇ. 7ರ ಮೇಲೆ. ಶೇ. 5ರಿಂದ 10ರ ನಡುವೆ ಸಿಕ್ಕರೆ ಅಳತೆಗೆ ತಕ್ಕ ಒತ್ತಡದ ತೋಳುಗವಸು, ವ್ಯಾಯಾಮ ಕೊಟ್ಟು ಒಂದು ತಿಂಗಳ ಮೇಲೆ ಮತ್ತೆ ಅಳತೆ, ಹಲವರಲ್ಲಿ ಇಳಿಯುತ್ತದೆ. ಶೇ. 10 ದಾಟಿದ ಮೇಲೆ ದಿನವೂ ಬ್ಯಾಂಡೇಜು, ಮಸಾಜು, ಜೀವಮಾನದ ಖರ್ಚು.

ಲೆಕ್ಕ ಕೆಡುವುದು ಮೂರು ಕಡೆ. ಆಪರೇಷನ್ನಿಗೆ ಮುಂಚಿನ ಅಳತೆ ಇಲ್ಲದಿದ್ದರೆ ಬಲಗೈ ಬಳಸುವವರ ಬಲಗೈ ಮೊದಲೇ ದಪ್ಪ ಎಂಬುದು ಗೊತ್ತಾಗದು. ಕೈ ಬಿಸಿಯಾಗಿ ಕೆಂಪಾಗಿ ಜ್ವರವಿದ್ದರೆ ಟೇಪು ಬದಿಗಿಟ್ಟು ಆ್ಯಂಟಿಬಯಾಟಿಕ್ ಶುರು ಮಾಡಿ, ಅದು ಸೋಂಕು. ಮತ್ತೆ ಸ್ವತಃ ಟೇಪು: ಹೊಲಿಗೆಯ ಬಟ್ಟೆ ಟೇಪು ಎಳೆದೆಳೆದು ಉದ್ದವಾಗುತ್ತದೆ, ಊತ ಇಳಿದಂತೆ ಸುಳ್ಳು ಹೇಳುತ್ತದೆ. ಆರು ತಿಂಗಳಿಗೊಮ್ಮೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ, 30 ಸೆಂ.ಮೀ.ಗೆ 2 ಮಿ.ಮೀ. ತಪ್ಪಿದರೂ ಕಸದ ಬುಟ್ಟಿಗೆ.