ಜೇನು, ಗ್ರೈಪ್ ವಾಟರ್, ಹಲ್ಲಿನ ಜೆಲ್: ಮಗುವಿನ ಕೈಗೆ ಸಿಗದಂತೆ ತೆಗೆದಿಡುವುದು ಹೇಗೆ?

ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತವರಿಗೆ ‘ಒಂದು ತೊಟ್ಟು ತಾನೇ, ಅಷ್ಟಕ್ಕೆ ಏನಾಗುತ್ತೆ?’ ಎಂಬ ಮಾತು ಹೊಸದಲ್ಲ. ಜ್ವರದ ಔಷಧಿಯಲ್ಲಾದರೆ ಪ್ರಮಾಣದ ಲೆಕ್ಕ ನಡೆಯುತ್ತದೆ. ಇಲ್ಲಿ ಹೇಳುತ್ತಿರುವ ಮೂರರಲ್ಲಿ ಮೊದಲು ನೋಡಬೇಕಾದದ್ದು ಮಗುವಿನ ವಯಸ್ಸು. ಪ್ರಮಾಣ ಕಡಿಮೆ ಮಾಡಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ.

ಹಂತ 1: ವಯಸ್ಸನ್ನು ತಿಂಗಳಲ್ಲಿ ಎಣಿಸಿ

12 ತಿಂಗಳು ತುಂಬುವವರೆಗೆ ಜೇನು ಬೇಡ. 24 ತಿಂಗಳು ತುಂಬುವವರೆಗೆ ಒಸಡನ್ನು ಮರಗಟ್ಟಿಸುವ ಬೆಂಜೊಕೇನ್ ಎಂಬ ಮದ್ದು ಇರುವ ಹಲ್ಲಿನ ಜೆಲ್ ಬೇಡ. ಮೊದಲ 6 ತಿಂಗಳು ಹಾಲು ಬಿಟ್ಟು ಬೇರೇನೂ ಬೇಡ, ಹಾಗಾಗಿ ಗ್ರೈಪ್ ವಾಟರ್ ಕೂಡ ಬೇಡ.

ಹಂತ 2: ಜೇನು ಮೊದಲು ಆಚೆ

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ದೊಡ್ಡವರು ತಿಂದರೆ ಕರುಳಿನಲ್ಲಿ ಮೊದಲೇ ನೆಲೆಯೂರಿರುವ ಬ್ಯಾಕ್ಟೀರಿಯಾಗಳು ಅವಕ್ಕೆ ಜಾಗ ಕೊಡುವುದಿಲ್ಲ. ಎಳೆಗೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಬಲಿತಿರುವುದಿಲ್ಲ. ಬೀಜಕ ಅಲ್ಲಿ ಮೊಳೆತು, ಬೆಳೆದು, ವಿಷ ತಯಾರಿಸುತ್ತದೆ. ನರ ಕೊಟ್ಟ ಸೂಚನೆ ಸ್ನಾಯುವಿಗೆ ಮುಟ್ಟದಂತೆ ಈ ವಿಷ ತಡೆಯುತ್ತದೆ. ಶಿಶು ಬಾಟುಲಿಸಂ ಎಂಬ ಈ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದು 1976ರಲ್ಲಿ.

‘ಶುದ್ಧ ಜೇನು’, ‘ಕಾಯಿಸಿದ ಜೇನು’ ಎಂಬ ಸಮಾಧಾನ ಬೇಡ. ಶುದ್ಧತೆಗೂ ಬೀಜಕಕ್ಕೂ ಸಂಬಂಧವಿಲ್ಲ. 100 ಡಿಗ್ರಿಯಲ್ಲಿ ಕುದಿಸಿದರೂ ಬೀಜಕ ಉಳಿದುಕೊಳ್ಳುತ್ತದೆ. ಅದನ್ನು ಕೊಲ್ಲಲು ಒತ್ತಡದಲ್ಲಿ 121 ಡಿಗ್ರಿ ಶಾಖ ಬೇಕು. ಹಾಗಾಗಿ ಜೇನು ಬೆರೆಸಿದ ಕೆಮ್ಮಿನ ಸಿರಪ್ಪೂ ಬೇಡ, ಬಿಸ್ಕತ್ತೂ ಬೇಡ. ಜೇನು ತುಂಬಿದ ನಿಪ್ಪಲ್‌ಗಳಂತೂ ಮಾರುಕಟ್ಟೆಗೇ ಬರಬಾರದಾಗಿದ್ದ ಸರಕು. 2018ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಅಂಥ ನಿಪ್ಪಲ್ ಚೀಪಿದ್ದ ನಾಲ್ಕು ಶಿಶುಗಳು ಬಾಟುಲಿಸಂನಿಂದ ಆಸ್ಪತ್ರೆ ಸೇರಿದವು. ಹಾಲೂಡಿಸುವ ತಾಯಿ ಮಾತ್ರ ಜೇನು ತಿನ್ನಬಹುದು, ಬೀಜಕ ಎದೆಹಾಲಿಗೆ ಬರುವುದಿಲ್ಲ.

ಕಾಯಿಲೆ ಹೇಗೆ ಮುಂದುವರಿಯುತ್ತದೆ ನೋಡಿ. ಮೂರು ತಿಂಗಳ ಮಗು, ಅಳು ನಿಲ್ಲಿಸಲು ನಿಪ್ಪಲ್ಲನ್ನು ಜೇನಿನಲ್ಲಿ ಅದ್ದಿ ಕೊಟ್ಟಿದ್ದಾರೆ ಅಂದುಕೊಳ್ಳಿ. ಅವತ್ತು ಏನೂ ಆಗುವುದಿಲ್ಲ, ಮಾರನೆಯ ದಿನವೂ ಇಲ್ಲ. ಲಕ್ಷಣ ಕಾಣಿಸಲು ಮೂರು ದಿನದಿಂದ ಒಂದು ತಿಂಗಳವರೆಗೂ ಹಿಡಿಯಬಹುದು. ಅಷ್ಟರಲ್ಲಿ ಮನೆಯವರಿಗೆ ಜೇನಿನ ವಿಷಯವೇ ಮರೆತಿರುತ್ತದೆ. ಮೊದಲು ಕಾಣುವುದು ಸಾಮಾನ್ಯವಾಗಿ ಮಲಬದ್ಧತೆ. ‘ಹೊಟ್ಟೆ ಸಲೀಸಾಗಲಿ’ ಎಂದು ಮತ್ತೆ ಜೇನು ನೆಕ್ಕಿಸುವವರಿದ್ದಾರೆ, ಗ್ರೈಪ್ ವಾಟರ್ ಹಾಕುವವರಿದ್ದಾರೆ. ಕಾಯಿಲೆಯ ಮೊದಲ ಸುಳಿವೇ ಹೀಗೆ ಕೈತಪ್ಪಿಹೋಗುತ್ತದೆ.

ಎದೆಹಾಲು ಕುಡಿಯುವ ಮಗು ಕೆಲವು ದಿನ ಮಲವಿಸರ್ಜನೆ ಮಾಡದಿರುವುದು ಸಹಜವೂ ಹೌದು. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಮಗು ಹಾಲು ಕುಡಿಯುವುದನ್ನು ಗಮನಿಸಿ. ಹಿಡಿತ ಸಡಿಲವಾಗುತ್ತದೆ, ಎರಡು ಸಲ ಚೀಪಿ ನಿಲ್ಲಿಸುತ್ತದೆ, ಹಾಲು ಬಾಯಿಯ ಮೂಲೆಯಿಂದ ಸೋರುತ್ತದೆ. ಅಳು ಬೆಕ್ಕಿನ ಮರಿಯ ದನಿಯಷ್ಟು ಕ್ಷೀಣವಾಗುತ್ತದೆ. ರೆಪ್ಪೆ ಇಳಿಬೀಳುತ್ತದೆ, ಮುಖದಲ್ಲಿ ನಗುವೂ ಇಲ್ಲ, ಸಿಡುಕೂ ಇಲ್ಲ. ಎತ್ತಿಕೊಂಡರೆ ಮೊದಲು ನಿಲ್ಲುತ್ತಿದ್ದ ಕತ್ತು ಈಗ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ನಿಶ್ಶಕ್ತಿ ತಲೆಯಿಂದ ಕೆಳಕ್ಕೆ ಇಳಿಯುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಹುದು.

ಹೀಗೆ ಕಂಡರೆ ನಾಳೆ ನೋಡೋಣ ಎನ್ನಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಬಲವಂತವಾಗಿ ಹಾಲು ಕುಡಿಸಬೇಡಿ, ನುಂಗುವ ಶಕ್ತಿ ಕುಂದಿರುವಾಗ ಅದು ಶ್ವಾಸಕೋಶ ಸೇರಬಹುದು. ವೈದ್ಯರ ಮುಂದೆ ಮೊದಲೇ ‘ಜೇನು ಕೊಟ್ಟಿದ್ದೆವು’ ಎಂದುಬಿಡಿ, ಮುಜುಗರ ಬೇಡ. ಏಕೆಂದರೆ ಸೋಂಕು ಎಂದು ಭಾವಿಸಿ ಕೊಡುವ ಜೆಂಟಾಮೈಸಿನ್‌ನಂಥ ಕೆಲವು ಆಂಟಿಬಯೋಟಿಕ್‌ಗಳು ಈ ನಿಶ್ಶಕ್ತಿಯನ್ನು ಹೆಚ್ಚಿಸುತ್ತವೆ. ಮಲದ ಪರೀಕ್ಷೆಯಿಂದ ಕಾಯಿಲೆ ಖಚಿತವಾಗುತ್ತದೆ. ಆದರೆ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಆರಂಭಿಸುವುದು ರೂಢಿ. ವಿಷವನ್ನು ಕಟ್ಟಿಹಾಕುವ ಪ್ರತಿಕಾಯ ಮದ್ದಿಗೆ ಅಮೆರಿಕದಲ್ಲಿ 2003ರಲ್ಲಿ ಪರವಾನಗಿ ಸಿಕ್ಕಿತು. ಸಕಾಲಕ್ಕೆ ಆರೈಕೆ ಸಿಕ್ಕ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಆದರೆ ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಈಗಾಗಲೇ ಒಮ್ಮೆ ನೆಕ್ಕಿಸಿಬಿಟ್ಟಿದ್ದು, ಮಗು ಚೆನ್ನಾಗಿದ್ದರೆ? ವಾಂತಿ ಮಾಡಿಸಲು ಹೋಗಬೇಡಿ. ವೈದ್ಯರಿಗೆ ತಿಳಿಸಿ, ಮುಂದಿನ ಒಂದು ತಿಂಗಳು ಹಾಲು ಕುಡಿಯುವ ರೀತಿಯ ಮೇಲೆ ಕಣ್ಣಿಡಿ.

ಹಂತ 3: ಗ್ರೈಪ್ ವಾಟರ್ ಚೆಲ್ಲಿಬಿಡಿ

ಇದು 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ದ್ರವ. ಹಳೆಯ ಮಿಶ್ರಣದಲ್ಲಿ ಮದ್ಯಸಾರ ಇತ್ತು. ಇಂದಿನ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಸಬ್ಬಸಿಗೆ, ಸೋಂಪಿನಂಥ ಸಾರ, ಸಿಹಿ, ಕೆಲವದರಲ್ಲಿ ಅಡುಗೆ ಸೋಡಾ. ಶಿಶುವಿನ ಹೊಟ್ಟೆಸೆಳೆತವನ್ನು ಇದು ಗುಣಪಡಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅಪಾಯವೂ ಇಲ್ಲದಿಲ್ಲ. 2007ರಲ್ಲಿ ಅಮೆರಿಕದಲ್ಲಿ ಒಂದು ಗ್ರೈಪ್ ವಾಟರ್‌ನಲ್ಲಿ ಭೇದಿ ತರಿಸುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಪತ್ತೆಯಾಗಿತ್ತು. ‘ನೈಸರ್ಗಿಕ’ ಎಂಬ ಲೇಬಲ್‌ಗೆ ನಾನಂತೂ ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಕಾರಣವಿಲ್ಲದ ಅಳು ಆರನೇ ವಾರದ ಸುಮಾರಿಗೆ ಜೋರಾಗಿ, ಮೂರು-ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಆ ಕೀರ್ತಿ ಬಾಟಲಿಗೆ ಹೋಗುತ್ತದೆ. ಅಳುವಿನ ಜೊತೆ ಹಸಿರು ವಾಂತಿ, ಮಲದಲ್ಲಿ ರಕ್ತ, ಅಥವಾ ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಇದ್ದರೆ ಬಾಟಲಿ ಹುಡುಕುತ್ತ ಕೂರಬೇಡಿ, ವೈದ್ಯರಲ್ಲಿಗೆ ಹೋಗಿ.

ಹಂತ 4: ಜೆಲ್ ಟ್ಯೂಬಿನ ಹಿಂಬದಿ ಓದಿ

ಮುಂದೆ ಮಗುವಿನ ಚಿತ್ರ ಇದ್ದರೂ, ನೋಡಬೇಕಾದದ್ದು ಹಿಂದಿನ ಸಣ್ಣ ಅಕ್ಷರ. ‘ಬೆಂಜೊಕೇನ್’ ಎಂದಿದ್ದರೆ ಆಚೆ ಇಡಿ. ಅದು ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣದ ರೂಪ ಬದಲಿಸಿ, ಆಮ್ಲಜನಕ ಹೊರದಂತೆ ಮಾಡಬಲ್ಲದು. ಇದಕ್ಕೆ ಮೆಥೆಮೊಗ್ಲೋಬಿನೀಮಿಯಾ ಎನ್ನುತ್ತಾರೆ. ಹಾಗೆ ಬದಲಾದದ್ದನ್ನು ಸರಿಪಡಿಸುವ ಕಿಣ್ವ ಎಳೆಯ ಶಿಶುಗಳಲ್ಲಿ ದೊಡ್ಡವರಿಗಿಂತ ಬಹಳ ಕಡಿಮೆ. ಮೊದಲ ಸಲ ಹಚ್ಚಿದಾಗಲೇ ಹೀಗಾದದ್ದೂ ಉಂಟು. 2018ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎರಡು ವರ್ಷದೊಳಗಿನ ಮಕ್ಕಳಿಗೆಂದು ಇಂಥ ಜೆಲ್ ಮಾರುವುದನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತು.

ಲಕ್ಷಣಗಳು ನಿಮಿಷಗಳಲ್ಲಿ, ಇಲ್ಲವೇ ಒಂದೆರಡು ಗಂಟೆಗಳಲ್ಲಿ ಕಾಣುತ್ತವೆ. ಮೈಬಣ್ಣ ಕಪ್ಪಿದ್ದರೆ ಚರ್ಮ ನೋಡಿ ತಿಳಿಯುವುದು ಕಷ್ಟ, ತುಟಿಯ ಒಳಭಾಗ, ನಾಲಿಗೆ, ಉಗುರು ನೋಡಿ. ಅವು ಬೂದು ಅಥವಾ ನೀಲಿಗೆ ತಿರುಗಿದ್ದರೆ, ಮಗು ಸುಸ್ತಾಗಿ ಏದುಸಿರು ಬಿಡುತ್ತಿದ್ದರೆ ತುರ್ತು ವಾಹನ ಕರೆಯಿರಿ, ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಟ್ಯೂಬ್ ನೋಡಿದರೆ ವೈದ್ಯರಿಗೆ ದಾರಿ ಬೇಗ ಹೊಳೆಯುತ್ತದೆ. ಈ ಸ್ಥಿತಿಯಲ್ಲಿ ಆಮ್ಲಜನಕ ಕೊಟ್ಟರೂ ನೀಲಿ ಬಣ್ಣ ಹೋಗುವುದಿಲ್ಲ, ರಕ್ತ ಚಾಕೊಲೇಟ್ ಬಣ್ಣಕ್ಕಿರುತ್ತದೆ, ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬುವಂತಿಲ್ಲ. ಮದ್ದು ಮಿಥಿಲೀನ್ ಬ್ಲೂ, ಅದು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವಂಥದ್ದು.

ಇಷ್ಟೆಲ್ಲ ಅಪಾಯ ಹೊತ್ತರೂ ಉಪಯೋಗ ಅಷ್ಟಕ್ಕಷ್ಟೆ. ಜೊಲ್ಲು ಸುರಿಸುವ ಬಾಯಿಯಲ್ಲಿ ಜೆಲ್ ಕೆಲವೇ ನಿಮಿಷದಲ್ಲಿ ತೊಳೆದುಹೋಗುತ್ತದೆ. ಬದಲಿಗೆ ಲಿಡೊಕೇನ್ ಜೆಲ್ ಹುಡುಕಬೇಡಿ, ಅದನ್ನು ನುಂಗಿದ ಮಕ್ಕಳಿಗೆ ಸೆಳವು, ಹೃದಯದ ತೊಂದರೆ ಆದದ್ದಿದೆ. ಬೆಲಡೋನಾ ಎಂಬ ವಿಷಗಿಡದ ಸಾರ ಇರುವ ಹಲ್ಲಿನ ಗುಳಿಗೆಯೂ ಬೇಡ. ಕೈ ತೊಳೆದು, ಬೆರಳಿನಿಂದ ಒಸಡನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಉಜ್ಜಿ. ಗಟ್ಟಿ ರಬ್ಬರ್ ರಿಂಗನ್ನು ಫ್ರಿಜ್‌ನಲ್ಲಿಟ್ಟು ಕೊಡಬಹುದು. ಆದರೆ ಫ್ರೀಜರ್‌ನಲ್ಲಿ ಇಡಬೇಡಿ, ಕಲ್ಲಿನಂತಾದ ರಿಂಗ್ ಒಸಡಿಗೆ ಪೆಟ್ಟು ಮಾಡುತ್ತದೆ.

ಹಂತ 5: ದೊಡ್ಡವರ ಟ್ಯೂಬ್ ಬೇರೆ ಕಡೆ ಇಡಿ

ಬಾಯಿಹುಣ್ಣಿಗೆಂದು ದೊಡ್ಡವರು ತಂದ ಜೆಲ್‌ಗಳಲ್ಲಿ ಬೆಂಜೊಕೇನ್ ಶೇ 20ರವರೆಗೂ ಇರುತ್ತದೆ. ಅದನ್ನು ಮಗುವಿನ ಸಾಮಾನಿನ ಜೊತೆ ಇಡಬೇಡಿ, ಟ್ಯೂಬಿನ ಮೇಲೆ ‘ಮಗುವಿಗಲ್ಲ’ ಎಂದು ದಪ್ಪಗೆ ಬರೆಯಿರಿ. ನೀವಿಲ್ಲದಾಗ ಮಗುವನ್ನು ನೋಡಿಕೊಳ್ಳುವವರಿಗೆ ಇದನ್ನೂ ಜೇನಿನ ವಿಷಯವನ್ನೂ ಬಾಯಿಬಿಟ್ಟು ಹೇಳಿ, ಅವರಿಗೆ ಗೊತ್ತಿರುತ್ತದೆ ಎಂದುಕೊಳ್ಳಬೇಡಿ.