ದೊಡ್ಡವ್ವನಿಗೆ ದಿನಾ ಬೆಳಿಗ್ಗೆ ಒಂದು ಪ್ರಶ್ನೆ

ನಮ್ಮ ದೊಡ್ಡವ್ವ ಹುಮನಾಬಾದ್‌ನಲ್ಲಿ ಒಬ್ಬರೇ ಇರುತ್ತಾರೆ, ನಾವು ಕಲಬುರಗಿಯಲ್ಲಿ. ಇಂಥವರಿಗೆ ಸುಮ್ನೆ ಶುಭೋದಯದ ಚಿತ್ರ ಕಳಿಸಬೇಡಿ, ಅದಕ್ಕೆ ಉತ್ತರ ಬರಲೇಬೇಕು ಅಂತೇನಿಲ್ಲ ಅಲ್ವಾ? ಬೆಳಿಗ್ಗೆ 8ಕ್ಕೆ ಪ್ರಶ್ನೆ ಕೇಳಿ: "ದೊಡ್ಡವ್ವ, ಬಿಪಿ ಗುಳಿಗಿ ತೊಗೊಂಡ್ರಿ? ಇವತ್ತ ಏನ್ ಅಡಗಿ?" ಉತ್ತರ ವಾಯ್ಸ್ ಮೆಸೇಜ್‌ನಲ್ಲಿ ಬರಲಿ. ಟೈಪ್ ಮಾಡುವ ತಾಪತ್ರಯ ಇಲ್ಲ, ಏದುಸಿರು ಇದ್ದರೂ ಗೊತ್ತಾಗುತ್ತೆ. ಇದ್ದಕ್ಕಿದ್ದಂತೆ ಮಾತು ತೊದಲಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕಳಿಸಿ.

9ರವರೆಗೂ ಉತ್ತರ ಇಲ್ಲದಿದ್ದರೆ ವಾಟ್ಸಾಪ್ ಟಿಕ್ ನೋಡಿ. ಒಂದೇ ಇದ್ದರೆ ಬಹುಶಃ ನೆಟ್ ಇಲ್ಲ, ಮಾಮೂಲಿ ಕಾಲ್ ಮಾಡಿ. ಎರಡು ಬೂದು ಟಿಕ್ ಇದ್ದರೆ ಮೆಸೇಜ್ ಫೋನ್‌ಗೆ ತಲುಪಿದೆ ಅಷ್ಟೇ, ಅವರು ಎದ್ದಿದ್ದಾರೆ ಅಂತಲ್ಲ. ಕಾಲ್ ಎತ್ತದಿದ್ದರೆ ಬಾಜೂ ಮನೆಯವರನ್ನು ಕಳಿಸಿ. ಅವರ ಹತ್ತಿರ ಒಂದು ಕೀಲಿ ಮೊದಲೇ ಇರಲಿ. ಒಳಗಿನಿಂದ ಚಿಲಕ ಹಾಕಿದ್ದರೆ ಆ ಕೀಲಿ ಉಪಯೋಗಕ್ಕೆ ಬರಲ್ಲ, ಅದನ್ನು ದೊಡ್ಡವ್ವನ ಜೊತೆ ಈಗಲೇ ಮಾತಾಡಿಕೊಳ್ಳಿ.