‘ತಯಾರಿಸಲಾಗುವುದು’ ಅಂದರೆ ತಯಾರಿಸುವವರು ಯಾರು?

ಬ್ಯಾಡಗಿಯಿಂದ ಒಣಮೆಣಸಿನಕಾಯಿ ಲೋಡ್ ಕಳಿಸುವ ಕೆಲಸದಲ್ಲಿ ದಿನವೂ ಮೇಲ್ ಬರೆಯುತ್ತೇನೆ. ಕೆಲಸ ಹಂಚುವ ಮೇಲ್ ಆದರೆ, ಕಳಿಸುವ ಮೊದಲು ಕ್ರಿಯಾಪದಗಳನ್ನಷ್ಟೇ ಓದಿ, ಒಂದೊಂದಕ್ಕೂ ‘ಯಾರು?’ ಎಂದು ಕೇಳುತ್ತೇನೆ. ಉತ್ತರ ಅದೇ ವಾಕ್ಯದೊಳಗೆ ಸಿಗದಿದ್ದರೆ ತಿದ್ದುತ್ತೇನೆ. ಇಂಥ ಕರಡು ನೋಡಿ:

“ಶುಕ್ರವಾರ ಲೋಡ್ ಹೊರಡಲಿದ್ದು, ಇ-ವೇ ಬಿಲ್ ತಯಾರಿಸಲಾಗುವುದು. ಗಾಡಿ ನಂಬರ್ ಸಕಾಲಕ್ಕೆ ತಿಳಿಸಬೇಕು. ಸಂಬಂಧಪಟ್ಟವರು ಗಮನಿಸುವುದು.”

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ, ಅದಕ್ಕೆ ಇಬ್ಬರ ಕೈ ಹತ್ತಬೇಕು. ಭಾಗ ‘ಎ’ಗೆ ಬೇಕಾದ ಇನ್‌ವಾಯ್ಸ್ ವಿವರ ಇರುವುದು ಅಕೌಂಟ್ಸ್‌ನವರ ಹತ್ತಿರ. ಭಾಗ ‘ಬಿ’ಗೆ ಬೇಕಾದ ಗಾಡಿ ನಂಬರ್ ಮೊದಲು ಗೊತ್ತಾಗುವುದು ಗೋದಾಮಿನವರಿಗೆ. ‘ತಯಾರಿಸಲಾಗುವುದು’ ಎಂದು ಓದಿದ ಗೋದಾಮಿನವರು ಅಕೌಂಟ್ಸ್‌ನವರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ, ಅಕೌಂಟ್ಸ್‌ನವರು ನಂಬರ್ ಬರಲಿ ಎಂದು ಕಾಯುತ್ತಾರೆ. ಭಾಗ ‘ಬಿ’ ಖಾಲಿ ಇದ್ದರೆ ದೂರದ ಲೋಡ್ ರಸ್ತೆಗಿಳಿಯುವಂತಿಲ್ಲ.

‘-ಲಾಗುವುದು’ ಎಂಬ ಕರ್ಮಣಿ ರೂಪದಲ್ಲಿ ಮಾಡುವವರು ಮಾಯವಾಗುತ್ತಾರೆ. ಅದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ‘ಬೇಕು’. ಇದು ಕರ್ಮಣಿ ಅಲ್ಲ. ಆದರೂ ನಾನು ತಿಳಿಸಬೇಕು, ನೀವು ತಿಳಿಸಬೇಕು, ಅವರು ತಿಳಿಸಬೇಕು, ಎಲ್ಲದಕ್ಕೂ ಒಂದೇ ರೂಪ. ‘ತಿಳಿಸುತ್ತೇನೆ’ ಎಂದರೆ ‘ನಾನು’ ಬಿಟ್ಟರೂ ಅರ್ಥವಾಗುತ್ತದೆ. ‘ತಿಳಿಸಬೇಕು’ ಎಂದಾಗ ಕರ್ತೃಪದ ಬಿಟ್ಟರೆ ಕೆಲಸ ಯಾರ ತಲೆಗೂ ಬೀಳುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಕರ್ಮಣಿಯನ್ನು ಕರ್ತರಿಗೆ ತಿರುಗಿಸಿದರಷ್ಟೇ ಸಾಲದು. ‘ನೀವು’ ಸೇರಿಸಿದರೂ ಸಾಲದು. ಗೌರವಕ್ಕೂ ಬಹುವಚನಕ್ಕೂ ಅದೇ ‘ನೀವು’ ಇರುವುದರಿಂದ, ಇಬ್ಬರಿಗೆ ಹೋದ ಮೇಲ್‌ನಲ್ಲಿ ಇಬ್ಬರೂ ಅದನ್ನು ಇನ್ನೊಬ್ಬರಿಗೆ ಹೇಳಿದ್ದು ಅಂದುಕೊಳ್ಳಬಹುದು.

ಆದ್ದರಿಂದ ಪ್ರತಿ ವಾಕ್ಯಕ್ಕೂ ಒಬ್ಬರನ್ನೇ ಕರೆಯುತ್ತೇನೆ. ಕೆಳಗೆ ಅಕೌಂಟ್ಸ್‌ನವರಿಗೆ ಅಕ್ಕಾರ, ಗೋದಾಮಿನವರಿಗೆ ಕಾಕಾರ ಎಂದಿದ್ದೇನೆ, ಅಲ್ಲಿ ನಿಮ್ಮವರ ಹೆಸರು ಬರಲಿ:

“ಅಕ್ಕಾರ, ಗುರುವಾರ ಸಂಜೆ 4ರೊಳಗೆ ಭಾಗ ‘ಎ’ ತುಂಬಿರಿ. ಕಾಕಾರ, ಗಾಡಿ ಗೇಟಿಗೆ ಬಂದ ಕೂಡಲೇ ನಂಬರ್ ಅಕ್ಕಾರಿಗೆ ಕಳಿಸಿರಿ. ಅಕ್ಕಾರ, ನಂಬರ್ ಬಂದ ಮೇಲೆ ಭಾಗ ‘ಬಿ’ ತುಂಬಿ ಡ್ರೈವರ್‌ಗೆ ಪ್ರಿಂಟ್ ಕೊಡಿಸಿರಿ. ಅದು ಅವನ ಕೈ ಸೇರಿದ್ದನ್ನು ನಾನು ನೋಡಿಕೊಳ್ಳುತ್ತೇನೆ.”

ಹಿರಿಯರಿಗೆ ಹೀಗೆ ನೇರವಾಗಿ ಬರೆದರೆ ಒರಟಾದೀತು ಎಂಬ ಅಳುಕಿಗೇ ಹಲವರು ‘-ಲಾಗುವುದು’ ಹಿಡಿಯುತ್ತಾರೆ. ನಮ್ಮ ಕಡೆ ‘-ರಿ’ಯಲ್ಲೇ ಮರ್ಯಾದೆ ಇದೆ. ಇನ್ನೂ ಮೆದುವಾಗಬೇಕೆಂದರೆ ‘ದಯವಿಟ್ಟು’ ಸೇರಿಸುತ್ತೇನೆ, ಹೆಸರು ಮಾತ್ರ ತೆಗೆಯುವುದಿಲ್ಲ.

ಕರ್ತೃವನ್ನು ನಾನೇ ಮರೆಮಾಡುವ ಜಾಗವೂ ಒಂದಿದೆ, ಅದು ತಪ್ಪನ್ನು ತಿಳಿಸುವಾಗ. “ನೀವು ತೂಕ ತಪ್ಪು ಹಾಕಿದ್ದೀರಿ” ಎನ್ನದೆ “ಬಿಲ್ಲಿನಲ್ಲಿ ತೂಕ ತಪ್ಪಾಗಿ ನಮೂದಾಗಿದೆ” ಎನ್ನುತ್ತೇನೆ. ತೂಕದ ಚೀಟಿಯಲ್ಲೇ ತಪ್ಪಾಗಿರಬಹುದು, ಮೇಲ್ ಬರೆಯುವ ಹೊತ್ತಿಗೆ ಅದು ಗೊತ್ತಿರುವುದಿಲ್ಲ. ಆದರೆ ಮುಂದಿನ ವಾಕ್ಯ ಮತ್ತೆ ಕರ್ತರಿಯೇ: “ಅಕ್ಕಾರ, ಈ ಇ-ವೇ ಬಿಲ್ ಇವತ್ತೇ ರದ್ದು ಮಾಡಿ ಹೊಸದು ತೆಗೆಯಿರಿ.” ಒಮ್ಮೆ ತೆಗೆದ ಬಿಲ್ಲಿನಲ್ಲಿ ತೂಕ ತಿದ್ದಲು ಬರುವುದಿಲ್ಲ, ರದ್ದು ಮಾಡಲು ಸಿಗುವುದು 24 ತಾಸು ಮಾತ್ರ. ಅಲ್ಲೂ ‘ಸರಿಪಡಿಸಲಾಗುವುದು’ ಎಂದು ಬರೆದರೆ ಆ 24 ತಾಸು ಒಬ್ಬರು ಇನ್ನೊಬ್ಬರ ದಾರಿ ಕಾಯುವುದರಲ್ಲೇ ಕಳೆಯುತ್ತದೆ.